ಹೆಸರು ತೆಗೆದರೂ ವರದಿಯಲ್ಲಿ ರೋಗಿ ಉಳಿದಿರುತ್ತಾರೆ

ಪ್ರಶ್ನೆ: ಮೇಡಂ, ಪುಣೆಯಲ್ಲಿ 120 ಬೆಡ್‌ಗಳ ಟ್ರಸ್ಟ್ ಆಸ್ಪತ್ರೆಯೊಂದರ ರೆಕಾರ್ಡ್ ವಿಭಾಗದಲ್ಲಿದ್ದೇನೆ. ಎಷ್ಟು ಬೆಡ್ ಭರ್ತಿ, ಸರಾಸರಿ ಎಷ್ಟು ದಿನದ ವಾಸ ಅಂತ ದಿನಾ ಬೆಳಿಗ್ಗೆ ವಾರ್ಡ್‌ವಾರು ಎಕ್ಸೆಲ್ ಮಾಡಿ ಟ್ರಸ್ಟಿಗಳ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಹೆಸರು ಇರುವುದಿಲ್ಲ, ಬರೀ ಸಂಖ್ಯೆ. ಆದರೂ ಹೊಸ ಸೂಪರಿಂಟೆಂಡೆಂಟ್ ಸಾಹೇಬರು 'ಇದರಿಂದ ರೋಗಿಯ ಗುಟ್ಟು ಹೊರಗೆ ಹೋಗುತ್ತೆ' ಅಂತಾರೆ. ಸಂಖ್ಯೆಯಲ್ಲಿ ಎಂಥ ಗುಟ್ಟು? ಇನ್ನೊಂದು, ಮೊನ್ನೆ ಸರಾಸರಿ ವಾಸ ಏಕಾಏಕಿ 8 ದಿನಕ್ಕೆ ಏರಿತು, ಟ್ರಸ್ಟಿಗಳು ಬೈದರು. ಆ ದಿನದ ಫೈಲ್ ಕಳಿಸಿದ್ದೇನೆ. ವರದಿ ಹೇಗಿದ್ದರೆ ಸರಿ?

ಉತ್ತರ: ನಿಮ್ಮ ಫೈಲ್ ತೆರೆದು, ಪಿವಟ್ ಟೇಬಲ್‌ನಲ್ಲಿ ಐಸೊಲೇಷನ್ ವಾರ್ಡಿನ ಸಾಲಿಗೆ ಹೋಗಿ, ಡಿಸ್ಚಾರ್ಜ್ ಕಾಲಮ್ಮಿನಲ್ಲಿದ್ದ 1ರ ಮೇಲೆ ಎರಡು ಸಲ ಕ್ಲಿಕ್ ಮಾಡಿದೆ. ಹೊಸ ಶೀಟ್ ತೆರೆದುಕೊಂಡಿತು. ಅದರಲ್ಲಿ ಒಬ್ಬರ ಪೂರ್ತಿ ಹೆಸರು, ವಯಸ್ಸು, ಮೊಬೈಲ್ ನಂಬರ್, ಯಾವ ಡಾಕ್ಟರ ಕೈಕೆಳಗೆ ಇದ್ದರು ಎನ್ನುವುದೆಲ್ಲ ಇತ್ತು. ಕೂಡಲೇ ಮುಚ್ಚಿದೆ. ಬೇಕಾದ ಲೆಕ್ಕವನ್ನು ಕಾಗದದಲ್ಲಿ ಗುರುತು ಹಾಕಿಕೊಂಡು ಫೈಲನ್ನೂ ಅಳಿಸಿದ್ದೇನೆ. ಕೆಳಗೆ ಕೊಡುವ ಸಂಖ್ಯೆಗಳನ್ನು ಬದಲಾಯಿಸಿದ್ದೇನೆ. ಲೆಕ್ಕದ ರೀತಿ ಮಾತ್ರ ನಿಮ್ಮದು.

ಪಿವಟ್ ಟೇಬಲ್ ಮಾಡಿದಾಗ ಎಕ್ಸೆಲ್ ಮೂಲ ಪಟ್ಟಿಯ ಒಂದು ಪ್ರತಿಯನ್ನು ಫೈಲಿನೊಳಗೇ ಬಚ್ಚಿಟ್ಟುಕೊಳ್ಳುತ್ತದೆ. ಹೆಸರಿದ್ದ ಶೀಟನ್ನು ನೀವು ಡಿಲೀಟ್ ಮಾಡಿದ್ದೀರಿ, ಸರಿ. ಆದರೆ ಆ ಒಳಪ್ರತಿ ಹಾಗೇ ಉಳಿದಿತ್ತು. ಗೊತ್ತಾಗಬೇಕಾದರೆ ಫೈಲಿನ ಒಂದು ನಕಲು ಮಾಡಿ, ಅದರ ಕೊನೆಯ `.xlsx` ತೆಗೆದು `.zip` ಎಂದು ಬದಲಿಸಿ ತೆರೆದು ನೋಡಿ. ಒಳಗೆ `xl/pivotCache` ಎಂಬ ಫೋಲ್ಡರ್ ಕಂಡರೆ ಆ ಫೈಲ್ ಯಾರಿಗೂ ಹೋಗಬಾರದು. ಹಾಗಾಗಿ ನಾಳೆಯಿಂದಲೇ ಮಾಡಬೇಕಾದ್ದು ಇಷ್ಟು: ಕೊನೆಯ ಅಂಕಿಗಳನ್ನು ಮಾತ್ರ ಹೊಸ ಖಾಲಿ ಫೈಲಿಗೆ `Paste Special` – `Values` ಮೂಲಕ ಅಂಟಿಸಿ, ಅದನ್ನು ಪಿಡಿಎಫ್ ಮಾಡಿ ಕಳಿಸಿ. ಎಕ್ಸೆಲ್ ಫೈಲ್ ನಿಮ್ಮ ವಿಭಾಗದ ಹೊಸ್ತಿಲು ದಾಟಬಾರದು.

ಇದು ಫೈಲಿನ ತೊಂದರೆ. ನಿಮ್ಮ ಸಾಹೇಬರು ಹೇಳಿದ್ದು ಇದಕ್ಕಿಂತ ಆಳದ್ದು. ಕಾಗದದ ಮೇಲೆ ಬರೀ ಅಂಕಿ ಬರೆದು ಕೊಟ್ಟರೂ ಆ ತೊಂದರೆ ಹೋಗುವುದಿಲ್ಲ.

ನಾನು ಮುಂಬಯಿಯ ಒಂದು ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿದ್ದಾಗ ನಿಮ್ಮಂತೆಯೇ ವಾರ್ಡ್‌ವಾರು ವರದಿ ಹೊರಡಿಸುತ್ತಿದ್ದೆ. ಒಂದು ದಿನ ಐಸೊಲೇಷನ್ ವಾರ್ಡಿನ ಸಾಲಿನಲ್ಲಿ 'ಡಿಸ್ಚಾರ್ಜ್ 1, ಸರಾಸರಿ ವಾಸ 22 ದಿನ' ಎಂದಿತ್ತು. ಹೆಸರಿಲ್ಲ, ವಯಸ್ಸಿಲ್ಲ. ವರದಿ ನೋಡುವವರಲ್ಲಿ ನಮ್ಮ ಕಡೆಯವರೇ ಆದ ಒಬ್ಬರಿದ್ದರು. ತಮ್ಮೂರಿನ ಹೆಣ್ಣುಮಗಳೊಬ್ಬರು ಇಂಥ ತಾರೀಖು ನಮ್ಮಲ್ಲಿ ಸೇರಿದ್ದು, ಮೊನ್ನೆ ಮನೆಗೆ ಹೋದದ್ದು ಅವರಿಗೆ ಗೊತ್ತಿತ್ತು. ಮನೆಯವರು ಟೈಫಾಯ್ಡ್ ಅಂತ ಹೇಳಿಕೊಂಡಿದ್ದರು. ಇವರು ದಿನ ಎಣಿಸಿದರು, 22 ಸರಿಹೊಂದಿತು. ಮುಂಬಯಿಯಲ್ಲಿ ನಮ್ಮ ಜನರ ವಲಯ ಎಷ್ಟು ಚಿಕ್ಕದೆಂದು ನಿಮಗೆ ಹೇಳಬೇಕಾಗಿಲ್ಲ. ವಾರದೊಳಗೆ ಊರಿಗೆ ಸುದ್ದಿ ಮುಟ್ಟಿತು, ಮಗಳಿಗೆ ಬಂದಿದ್ದ ಸಂಬಂಧ ಹಿಂದೆ ಸರಿಯಿತು. ಆ ತಾಯಿ ನನ್ನ ಟೇಬಲ್ಲಿನ ಮುಂದೆ ಬಂದು ನಿಂತು 'ಯಾರು ಹೇಳಿದ್ರವ್ವಾ?' ಎಂದು ಕೇಳಿದ್ದಕ್ಕೆ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಹೇಳಿದ್ದು ನನ್ನ ವರದಿ.

ಇಲ್ಲಿ ಎರಡು ಸಂಗತಿ ಕೂಡಿಕೊಂಡವು. ಒಂದು, ಒಬ್ಬರೇ ಡಿಸ್ಚಾರ್ಜ್ ಆದ ದಿನ ಆ ವಾರ್ಡಿನ ಸರಾಸರಿ ಎಂದರೆ ಸರಾಸರಿಯೇ ಅಲ್ಲ, ಅದು ಆ ಒಬ್ಬರ ಆಸ್ಪತ್ರೆವಾಸದ ನಿಖರ ದಿನಗಳು. ಎರಡು, ಕೆಲವು ವಾರ್ಡುಗಳ ಹೆಸರೇ ಕಾಯಿಲೆಯ ಹೆಸರು. ಐಸೊಲೇಷನ್, ಸೈಕಿಯಾಟ್ರಿ, ಟಿಬಿ ಎಂದು ಬರೆದ ಕೂಡಲೇ ಅರ್ಧ ಕೇಸ್ ಪೇಪರ್ ಬರೆದಂತೆ. ಹೊರಗಿನವರು ಊಹಿಸಲಾರರು, ನಿಜ. ಗುರುತು ಹಿಡಿಯುವವರು ಮೊದಲೇ ಒಂದಿಷ್ಟು ತಿಳಿದವರು: ನೆರೆಯವರು, ನೆಂಟರು, ಕೆಲಸದ ಕಡೆಯವರು. ಅವರಿಗೆ ಬೇಕಿರುವುದು ಒಂದೇ ಒಂದು ಎಳೆ. ಎಚ್‌ಐವಿ ಇರುವವರ ವಿಷಯದಲ್ಲಿ 2017ರ ಕಾಯ್ದೆ, ಮಾನಸಿಕ ಚಿಕಿತ್ಸೆ ಪಡೆಯುವವರ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ, ಗರ್ಭಪಾತ ಮಾಡಿಸಿಕೊಂಡವರ ವಿಷಯದಲ್ಲಿ 2021ರಲ್ಲಿ ತಿದ್ದುಪಡಿಯಾದ ಎಂಟಿಪಿ ಕಾಯ್ದೆ ಗುಟ್ಟು ಕಾಯಬೇಕೆಂದು ಸ್ಪಷ್ಟವಾಗಿ ಹೇಳುತ್ತವೆ. ಡಿಜಿಟಲ್ ವೈಯಕ್ತಿಕ ಮಾಹಿತಿಗೆ 2023ರ ಕಾಯ್ದೆಯೂ ಇದೆ. ಟ್ರಸ್ಟಿಗಳು 'ನಾವು ಮನೆಯವರೇ ಅಲ್ವಾ' ಎಂದರೆ ಇಷ್ಟು ಹೇಳಲು ಸಾಹೇಬರಿಗೆ ಬಿಡಿ.

ಈಗ ನಿಮ್ಮ ಆ ದಿನದ ಲೆಕ್ಕಕ್ಕೆ ಬರೋಣ.

ಹಿಂದಿನ ರಾತ್ರಿ 12ಕ್ಕೆ 91 ಜನ ಇದ್ದರು. ದಿನವಿಡೀ 17 ಅಡ್ಮಿಷನ್, 14 ಡಿಸ್ಚಾರ್ಜ್, ಒಂದು ಸಾವು. ಹಾಗಾದರೆ ರಾತ್ರಿ 12ಕ್ಕೆ 91ಕ್ಕೆ 17 ಕೂಡಿಸಿ 15 ಕಳೆದು 93. ನೀವು ಇದನ್ನು 120ರಿಂದ ಭಾಗಿಸಿ 77.5 ಶೇಕಡಾ ಎಂದಿದ್ದೀರಿ. ಆದರೆ ಮಳೆಗೆ ಸೋರುತ್ತದೆಂದು ಪುರುಷರ ವಾರ್ಡಿನಲ್ಲಿ 6 ಬೆಡ್ ಮಡಚಿಟ್ಟಿದ್ದಾರೆ ಅಂತ ಫೈಲಿನಲ್ಲಿ ನೀವೇ ಬರೆದಿದ್ದೀರಿ. ರೋಗಿಯನ್ನು ಮಲಗಿಸಲಾಗದ ಬೆಡ್ಡನ್ನು ಲೆಕ್ಕಕ್ಕೆ ಹಿಡಿಯಬಾರದು. ಆ ರಾತ್ರಿ ಇದ್ದದ್ದು 114, ಭರ್ತಿ 82 ಶೇಕಡಾ. ಡಯಾಲಿಸಿಸ್ ಕುರ್ಚಿ, ಕ್ಯಾಶುವಲ್ಟಿಯ ಬೆಡ್, ಹೆರಿಗೆ ಟೇಬಲ್, ಆರೋಗ್ಯವಂತ ನವಜಾತ ಶಿಶುಗಳ ತೊಟ್ಟಿಲು ಇವು ಭಿನ್ನರಾಶಿಯ ಮೇಲೂ ಬರಬಾರದು, ಕೆಳಗೂ ಬರಬಾರದು. ಬೆಳಿಗ್ಗೆ ಬಂದು ಸಂಜೆ ಹೋದ ಒಳರೋಗಿಗಳು ಮಧ್ಯರಾತ್ರಿಯ ಎಣಿಕೆಗೆ ಸಿಗುವುದಿಲ್ಲ. ಅವರ ವಾಸವನ್ನು ಒಂದು ದಿನ ಎಂದು ಹಿಡಿಯುವುದು ವಾಡಿಕೆ.

ಈ ಎಣಿಕೆ ತಪ್ಪುವುದು ಹೆಚ್ಚಾಗಿ ಡಿಸ್ಚಾರ್ಜ್ ಹೊತ್ತಿನಲ್ಲಿ. ಡಾಕ್ಟರು ಬೆಳಿಗ್ಗೆ 10ಕ್ಕೆ ಡಿಸ್ಚಾರ್ಜ್ ಬರೆಯುತ್ತಾರೆ. ವಿಮೆಯ ಕ್ಲೇಮು ನೋಡಿಕೊಳ್ಳುವ ಟಿಪಿಎಯಿಂದ ಮಂಜೂರಾತಿ ಬರುವುದು ಸಂಜೆ. ಬಿಲ್ ಕಟ್ಟಿ ರೋಗಿ ಹೊರಡುವುದು ರಾತ್ರಿ 9ಕ್ಕೆ. ಕಂಪ್ಯೂಟರಿನಲ್ಲಿ ಸಿಸ್ಟರ್ ಬೆಡ್ ಖಾಲಿ ಮಾಡುವುದು ಮರುದಿನ ಡ್ಯೂಟಿ ಬದಲಾದ ಮೇಲೆ. ಅಷ್ಟು ಹೊತ್ತು ಖಾಲಿ ಬೆಡ್ ತುಂಬಿದಂತೆ ಕಾಣುತ್ತದೆ. ಪತ್ತೆ ಮಾಡುವುದು ಸುಲಭ. ರಾತ್ರಿ ಪಾಳಿಯ ಸಿಸ್ಟರ್ ಒಂದು ಸುತ್ತು ಹೋಗಿ ಎಣಿಸಿದ ತಲೆಗಳನ್ನು ಕಂಪ್ಯೂಟರಿನ ಅಂಕಿಯ ಪಕ್ಕದಲ್ಲಿ ಇಟ್ಟು ನೋಡಿ. ಯಾವ ವಾರ್ಡಿನಲ್ಲಿ ವಾರಕ್ಕೆ ಎರಡು ಮೂರು ಸಲ ವ್ಯತ್ಯಾಸ ಬರುತ್ತದೋ ಅಲ್ಲಿ ಬೆಡ್ ಖಾಲಿ ಮಾಡುವುದು ತಡವಾಗುತ್ತಿದೆ ಎಂದೇ ಅರ್ಥ. ರೋಗಿ ಬೆಡ್ ಬಿಟ್ಟ ಸಮಯವನ್ನೇ ಲೆಕ್ಕಕ್ಕೆ ಹಿಡಿಯಿರಿ, ಡಾಕ್ಟರು ಬರೆದ ಸಮಯವನ್ನಲ್ಲ.

ನಿಮ್ಮ ಸಾಫ್ಟ್‌ವೇರ್ ನೋಡಿಕೊಳ್ಳುವ ಹುಡುಗನಿಗೆ ಇಷ್ಟು ಕೊಟ್ಟರೆ ಸಾಕು. ಟೇಬಲ್ ಹೆಸರು ನಿಮ್ಮಲ್ಲಿ ಬೇರೆ ಇರಬಹುದು:

```sql
SELECT report_group, COUNT(*) AS occupied
FROM bed_stay
WHERE in_time < '2025-07-16 00:00'
  AND (out_time IS NULL
       OR out_time >= '2025-07-16 00:00')
GROUP BY report_group;
```

ಇದರಲ್ಲಿ ಹೆಸರಿನ ಕಾಲಮ್ ಇಲ್ಲ, ಒಳರೋಗಿಗೆ ಕೊಡುವ ಐಪಿಡಿ ನಂಬರೂ ಇಲ್ಲ ಎನ್ನುವುದನ್ನು ಗಮನಿಸಿ. ಪಟ್ಟಿಯನ್ನೇ ಇಳಿಸಿಕೊಂಡು ಆಮೇಲೆ ಹೆಸರು ಅಳಿಸುವ ಬದಲು ಎಣಿಕೆಯನ್ನು ಮಾತ್ರ ಹೊರಗೆ ತರಿಸಿಕೊಂಡರೆ ಅಳಿಸಲು ಮರೆಯುವ ಪ್ರಶ್ನೆಯೇ ಬರುವುದಿಲ್ಲ. ಹೆಸರಿನ ಬದಲು ಐಪಿಡಿ ನಂಬರ್ ಇಟ್ಟರೆ ನಡೆಯುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಆ ನಂಬರ್ ಪ್ರತಿ ಬಿಲ್ಲಿನ ಮೇಲೂ ಅಚ್ಚಾಗಿರುತ್ತದೆ, ಅದು ಇನ್ನೊಂದು ಹೆಸರು ಅಷ್ಟೆ.

ಇನ್ನು ಆ 8 ದಿನ. ಆ ದಿನ ಹೊರಟವರು, ಸಾವನ್ನೂ ಸೇರಿಸಿ, 15 ಜನ. ಅವರ ವಾಸದ ದಿನಗಳನ್ನು ಕೂಡಿಸಿದರೆ 120. ಭಾಗಿಸಿದರೆ 8. ಲೆಕ್ಕ ತಪ್ಪಿಲ್ಲ. ಆದರೆ ಆ 120ರಲ್ಲಿ 65 ದಿನ ಒಬ್ಬರದೇ. ಅವರನ್ನು ಬಿಟ್ಟರೆ ಉಳಿದ 14 ಜನರ ಸರಾಸರಿ 3.9. ಇಷ್ಟು ದಿನ ಇದ್ದವರು ಯಾರೆಂದು ಕ್ಯಾಂಟೀನಿನವರಿಗೂ ಗೊತ್ತಿರುತ್ತದೆ. 4ರ ಆಸುಪಾಸಿನಲ್ಲಿದ್ದ ಸರಾಸರಿ 8ಕ್ಕೆ ಹಾರಿದ ದಿನ ಅವರು ಹೊರಟರು ಎಂದು ನೀವು ಡಂಗುರ ಸಾರಿದಂತಾಯಿತು. ಆಡಳಿತಕ್ಕೆ ಮಾತ್ರ ಅದರಿಂದ ಏನೂ ತಿಳಿಯಲಿಲ್ಲ. ಆ ದಿನ ಆಸ್ಪತ್ರೆ ನಿಧಾನವಾಗಿ ನಡೆಯಲಿಲ್ಲ, ಬದಲಿಗೆ ಎರಡು ತಿಂಗಳಿಂದ ಸಿಕ್ಕಿಕೊಂಡಿದ್ದ ಒಂದು ಬೆಡ್ ಬಿಡುಗಡೆಯಾಯಿತು. ಅದು ಒಳ್ಳೆಯ ಸುದ್ದಿ, ಬೈಗುಳ ತಿನ್ನಬೇಕಾದ್ದಲ್ಲ.

ಇದಕ್ಕೆ ಕಾರಣ ಸೂತ್ರದಲ್ಲೇ ಇದೆ. ಸರಾಸರಿ ವಾಸ ಹೊರಟುಹೋದವರ ಲೆಕ್ಕ. ಇನ್ನೂ ಮಲಗಿರುವವರು ಅದರಲ್ಲಿ ಇಲ್ಲವೇ ಇಲ್ಲ. ಆ ವ್ಯಕ್ತಿ 64 ದಿನ ನಿಮ್ಮ ವರದಿಗೆ ಕಾಣಲಿಲ್ಲ, ಹೊರಟ ದಿನ ಒಮ್ಮೆಲೇ 65 ದಿನವನ್ನೂ ಸುರಿದು ಹೋದರು. ಆದ್ದರಿಂದ ದಿನದ ಸರಾಸರಿ ವಾಸವನ್ನು ದಿನದ ವರದಿಯಿಂದ ತೆಗೆದೇ ಬಿಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅದರ ಬದಲು ಹಿಂದಿನ 28 ದಿನ ಹೊರಟವರ ಸರಾಸರಿ ಕೊಡಿ. ವಾರದ ಏಳೂ ದಿನ ನಾಲ್ಕು ನಾಲ್ಕು ಸಲ ಬರುವುದರಿಂದ ಭಾನುವಾರ ಡಿಸ್ಚಾರ್ಜ್ ಕಡಿಮೆ ಎಂಬ ಏರುಪೇರು ಅದರಲ್ಲಿ ಕರಗುತ್ತದೆ. ನಿಮ್ಮಲ್ಲಿ 28 ದಿನದಲ್ಲಿ 420 ಜನ ಹೊರಟು, ಅವರ ದಿನಗಳ ಮೊತ್ತ 1890 ಆಗಿತ್ತು ಎಂದುಕೊಳ್ಳಿ, ಸರಾಸರಿ 4.5. ಮರುದಿನ ಹಳೆಯ ಒಂದು ದಿನದ 15 ಜನ, 60 ದಿನ ಹೊರಗೆ ಬಿದ್ದು, ಈ 15 ಜನ, 120 ದಿನ ಒಳಗೆ ಬಂದರೆ ಮೊತ್ತ 1950, ಸರಾಸರಿ 4.6. ಹಾರಾಟವಿಲ್ಲ. ಪಕ್ಕದಲ್ಲಿ ಮಧ್ಯಾಂಕವನ್ನೂ ಕೊಡಿ. ಎಲ್ಲರ ದಿನಗಳನ್ನು ಸಾಲಾಗಿ ಜೋಡಿಸಿದರೆ ನಡುವೆ ಬರುವ ಅಂಕಿ ಅದು. ಸರಾಸರಿ 4.6, ಮಧ್ಯಾಂಕ 3 ಎಂದರೆ ಕೆಲವರು ತುಂಬಾ ದಿನ ಉಳಿಯುತ್ತಿದ್ದಾರೆ ಎಂದು ಓದಿದವರಿಗೆ ಹೊಳೆಯುತ್ತದೆ, ಯಾರೆಂದು ತಿಳಿಯುವುದಿಲ್ಲ.

ಇಲ್ಲೊಂದು ಮೋಸವಿದೆ, ನಾನೇ ಬಹಳ ದಿನ ಗಮನಿಸಿರಲಿಲ್ಲ. 28 ದಿನದ ಮೊತ್ತವನ್ನು ದಿನಾ ಕೊಟ್ಟರೆ ಏನಾಗುತ್ತದೆ? ಇವತ್ತಿನ 1950ರಿಂದ ನಿನ್ನೆಯ 1890 ಕಳೆದರೆ 60. ಹೊರಬಿದ್ದ ಹಳೆಯ ದಿನದ ವರದಿ ಯಾರ ಫೋನಿನಲ್ಲಾದರೂ ಇದ್ದರೆ ಅದರ 60 ಕೂಡಿಸಿದರೆ 120. ಮುಚ್ಚಿಟ್ಟ ದಿನದ ಅಂಕಿ ಹಾಗೇ ಎದ್ದು ಬಂತು! ವಾಟ್ಸಾಪ್ ಗುಂಪಿನಲ್ಲಿ ಹಳೆಯ ವರದಿಗಳೆಲ್ಲ ಸಾಲಾಗಿ ಬಿದ್ದಿರುತ್ತವಲ್ಲ, ಕಳೆಯುವ ಲೆಕ್ಕ ಬಂದರೆ ಸಾಕು. ಆದ್ದರಿಂದ ಮೊತ್ತ ಕೊಡಬೇಡಿ. ಒಂದು ದಶಮಾಂಶಕ್ಕೆ ಸರಿಹೊಂದಿಸಿದ ಸರಾಸರಿಯನ್ನು ಮಾತ್ರ ಕೊಡಿ, ಅದನ್ನೂ ಸೋಮವಾರಕ್ಕೊಮ್ಮೆ ಬದಲಿಸಿ, ಉಳಿದ ದಿನ ಅದೇ ಅಂಕಿ ಇರಲಿ. ವಾರದಿಂದ ವಾರಕ್ಕೆ ಕಳೆದರೆ ಸಿಗುವುದು ನೂರಕ್ಕೂ ಹೆಚ್ಚು ಜನರ ಗುಂಪು, ಅದರಲ್ಲಿ ಒಬ್ಬರನ್ನು ಹೆಕ್ಕುವುದು ಕಷ್ಟ.

ಹೀಗೆ ಮಾಡಿದರೆ ಬಹುದಿನದ ರೋಗಿಗಳು ಆಡಳಿತದ ಕಣ್ಣಿಗೆ ಬೀಳುವುದಿಲ್ಲವೇ ಎಂದು ಕೇಳುತ್ತೀರಿ. ಅದಕ್ಕೆ ಬೇರೆ ಸಾಲು ಇಡಿ: '14 ದಿನ ದಾಟಿ ಇನ್ನೂ ಒಳಗಿರುವವರು', ಇಡೀ ಆಸ್ಪತ್ರೆಗೆ ಒಂದೇ ಸಂಖ್ಯೆ. ಅವರು ಯಾರು, ಯಾಕೆ ಉಳಿದಿದ್ದಾರೆ ಎಂಬ ಪಟ್ಟಿ ಸೂಪರಿಂಟೆಂಡೆಂಟ್ ಮತ್ತು ಮೆಟ್ರನ್ ಇಬ್ಬರಿಗೆ ಮಾತ್ರ, ಆಸ್ಪತ್ರೆಯ ಕಂಪ್ಯೂಟರಿನಲ್ಲೇ ನೋಡಲು. ಅವರು ಏನಾದರೂ ಮಾಡಬಲ್ಲರು. ಟ್ರಸ್ಟಿಗೆ ಆ ಪಟ್ಟಿಯಿಂದ ಮಾಡುವ ಕೆಲಸವಿಲ್ಲ.

ವಾರ್ಡ್‌ವಾರು ಲೆಕ್ಕಕ್ಕೆ ನಾನು ಪಾಲಿಸುವ ನಿಯಮ ಹೀಗಿದೆ: ನಿಂತ ನೀರಿನ ಲೆಕ್ಕ ಗುಂಪುವಾರು, ಹರಿಯುವ ನೀರಿನ ಲೆಕ್ಕ ಇಡೀ ಆಸ್ಪತ್ರೆಗೆ. ಎಷ್ಟು ಬೆಡ್ ತುಂಬಿದೆ ಎನ್ನುವುದನ್ನು ಗುಂಪುವಾರು ಕೊಡಬಹುದು. ಎಷ್ಟು ಜನ ಬಂದರು, ಹೋದರು ಎನ್ನುವುದು ವಾರ್ಡಿನ ಮಟ್ಟದಲ್ಲಿ ಯಾವಾಗಲೂ ಒಂದು, ಎರಡು, ಸೊನ್ನೆ. ಅಲ್ಲಿಯೇ ಮನುಷ್ಯರು ಕಾಣುವುದು. ಸಾವನ್ನು ದಿನದ ವರದಿಯಲ್ಲಿ ಪ್ರತ್ಯೇಕ ತೋರಿಸಬೇಡಿ, 'ಹೊರಟವರು' ಎಂದು ಕೂಡಿಸಿ. ಸಾವುಗಳನ್ನು ಪರಿಶೀಲಿಸಲು ಡಾಕ್ಟರರ ಸಮಿತಿ ಬೇರೆ ಇರುತ್ತದೆ. ನಿಮ್ಮ ಆ ದಿನವನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ:

| ಗುಂಪು | ಬಳಕೆಯಲ್ಲಿರುವ ಬೆಡ್ | ರಾತ್ರಿ 12ಕ್ಕೆ ಭರ್ತಿ | ಶೇಕಡಾ |
|---|---|---|---|
| ಸಾಮಾನ್ಯ ವಾರ್ಡುಗಳು | 58 | 49 | 84 |
| ತಾಯಿ ಮತ್ತು ಮಕ್ಕಳು | 30 | 22 | 73 |
| ಐಸಿಯು | 10 | 9 | 90 |
| ಪ್ರೈವೇಟ್ ರೂಮುಗಳು | 16 | 13 | 81 |
| ಒಟ್ಟು | 114 | 93 | 82 |

ಕೆಳಗೆ ಒಂದು ಸಾಲು: ಬಂದವರು 17, ಹೊರಟವರು 15, ಸೋಮವಾರ ಲೆಕ್ಕ ಹಾಕಿದ ಹಿಂದಿನ 28 ದಿನದ ಸರಾಸರಿ ವಾಸ 4.5, ಮಧ್ಯಾಂಕ 3.

ಐಸೊಲೇಷನ್ನಿನ 4 ಬೆಡ್ ಸಾಮಾನ್ಯ ವಾರ್ಡುಗಳ 58ರಲ್ಲಿ ಸೇರಿಹೋಗಿವೆ. 'ಐಸೊಲೇಷನ್' ಎಂದು ಬರೆದು ಎದುರಿಗೆ ಒಂದು ಗೆರೆ ಹಾಕಿದರೆ ಸಾಲದೇ ಎಂದರೆ ಸಾಲದು. ಒಟ್ಟು 93ರಿಂದ ಉಳಿದ ಸಾಲುಗಳನ್ನು ಕಳೆದರೆ ಗೆರೆಯ ಹಿಂದಿನ ಅಂಕಿ ಈಚೆ ಬರುತ್ತದೆ. ಒಂದು ಸಾಲು ಮುಚ್ಚಿದರೆ ಇನ್ನೊಂದನ್ನೂ ಮುಚ್ಚಬೇಕಾಗುತ್ತದೆ. ಅದಕ್ಕಿಂತ ಮೊದಲೇ ಕೂಡಿಸಿಬಿಡುವುದು ಲೇಸು. ಯಾವ ಗುಂಪಿನಲ್ಲೂ ಅಂಕಿ 5ಕ್ಕಿಂತ ಕೆಳಗೆ ಇಳಿಯಬಾರದು ಎನ್ನುವುದು ಒಳಗಿನ ವರದಿಗೆ ಸಾಕು. ಹೊರಗೆ ಪ್ರಕಟಿಸುವ ಅಂಕಿಗೆ ಇನ್ನೂ ಬಿಗಿ ಬೇಕು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ನಡೆಸುವ ಸಂಸ್ಥೆಯ ನಿಯಮದಲ್ಲಿ 1ರಿಂದ 10ರವರೆಗಿನ ಯಾವ ಎಣಿಕೆಯನ್ನೂ ಹೊರಗೆ ತೋರಿಸುವಂತಿಲ್ಲ.

ಗುಂಪು ಕಟ್ಟುವಾಗ ಮಾಮೂಲಿ ದಿನವನ್ನು ನೋಡಬೇಡಿ, ತೀರಾ ಖಾಲಿ ದಿನವನ್ನು ನೋಡಿ. ಪುಣೆಯಲ್ಲಿ ಗಣಪತಿ ಕೂರುವ ದಿನಗಳಲ್ಲಿ, ದೀಪಾವಳಿಯಲ್ಲಿ ಮುಂದೂಡಬಹುದಾದ ಆಪರೇಷನ್ನುಗಳನ್ನೆಲ್ಲ ಜನ ಮುಂದೂಡುತ್ತಾರೆ. ಈಗ 13 ಇರುವ ಪ್ರೈವೇಟ್ ರೂಮುಗಳಲ್ಲಿ ಆಗ 3 ಜನ ಇರಬಹುದು. ಹೋದ ವರ್ಷದ ಆ ವಾರಗಳ ರಿಜಿಸ್ಟರ್ ತೆಗೆದು ನೋಡಿ, ಇಳಿಯುತ್ತದೆಂದಾದರೆ ಈಗಲೇ ಪ್ರೈವೇಟನ್ನು ಇನ್ನೊಂದರ ಜತೆ ಕೂಡಿಸಿ. ಒಂದು ದಿನ ಕೂಡಿಸಿ ಇನ್ನೊಂದು ದಿನ ಬಿಡಿಸಿದರೆ ಕೂಡಿಸಿದ ದಿನ ಏನೋ ಇತ್ತು ಎಂದು ತಾನಾಗಿ ತಿಳಿಯುತ್ತದೆ.

ಇದಕ್ಕೆ ಬೆಲೆಯೂ ಇದೆ. ಐಸೊಲೇಷನ್ ತುಂಬಿದೆಯೋ ಇಲ್ಲವೋ ಎಂದು ಟ್ರಸ್ಟಿಗೆ ಈ ವರದಿಯಿಂದ ಗೊತ್ತಾಗುವುದಿಲ್ಲ. ಲೆಪ್ಟೊ, ಡೆಂಗ್ಯೂ ಏರುವ ಮಳೆಗಾಲದಲ್ಲಿ ಅಡ್ಮಿಷನ್ ಕೌಂಟರಿಗೆ ಅದು ಗಂಟೆ ಗಂಟೆಗೂ ಬೇಕು. ಅದು ಕೌಂಟರಿನ ಪರದೆಯ ಕೆಲಸ, ಬೆಳಗಿನ ವರದಿಯದಲ್ಲ. ಟ್ರಸ್ಟಿಗಳು ಕೇಳಿಯೇ ಕೇಳಿದರೆ 'ಐಸೊಲೇಷನ್ ಬೆಡ್: ಲಭ್ಯ' ಅಥವಾ 'ಲಭ್ಯವಿಲ್ಲ' ಎಂಬ ಒಂದು ಪದ ಸೇರಿಸಿ. ಇನ್ನೊಂದು ಬೆಡ್ ಹಾಕಿಸಬೇಕೇ ಎಂದು ತೀರ್ಮಾನಿಸಲು ಅಷ್ಟು ಸಾಕು.

ಕೊನೆಯದಾಗಿ, ಈಗಾಗಲೇ ಹೋಗಿರುವ ಫೈಲುಗಳ ವಿಷಯ. ಇದನ್ನು ಇವತ್ತೇ ಮಾಡಿ. ವಾಟ್ಸಾಪಿನಲ್ಲಿ `Delete for everyone` ನಡೆಯುವುದು ಕಳಿಸಿದ ಸುಮಾರು ಎರಡು ದಿನದೊಳಗೆ ಮಾತ್ರ. ಅದಕ್ಕಿಂತ ಹಳೆಯವು ಪ್ರತಿಯೊಬ್ಬರ ಫೋನಿನಲ್ಲೂ ಇವೆ. ಸಾಹೇಬರ ಹತ್ತಿರ ಇದ್ದದ್ದನ್ನು ಇದ್ದಂತೆ ಹೇಳಿ, ಪಿವಟ್ ಇದ್ದ ಫೈಲುಗಳು ಯಾವ ತಾರೀಖಿನಿಂದ ಹೋದವು ಎಂದು ಬರೆದು ಕೊಡಿ. ಅವರು ಒಬ್ಬೊಬ್ಬ ಟ್ರಸ್ಟಿಗೂ ಫೋನ್ ಮಾಡಿ, ಚಾಟಿನಿಂದಷ್ಟೇ ಅಲ್ಲದೆ ಫೋನಿನ ಡೌನ್‌ಲೋಡ್ ಫೋಲ್ಡರಿನಿಂದಲೂ, ಮನೆಯ ಕಂಪ್ಯೂಟರಿಗೆ ಇಳಿಸಿಕೊಂಡಿದ್ದರೆ ಅಲ್ಲಿಂದಲೂ ಅಳಿಸಿದ್ದಾರೆಯೇ ಎಂದು ಕೇಳಬೇಕು. ಯಾರಿಗಾದರೂ ಮುಂದೆ ಕಳಿಸಿದ್ದಾರೆಯೇ ಎಂದೂ ಕೇಳಬೇಕು. ಅದಕ್ಕೆ ಬರುವ ಉತ್ತರ ಏನೇ ಇರಲಿ, ತಾರೀಖು ಹಾಕಿ ಬರೆದಿಡಿ.